ನಿಷ್ಕ್ರಿಯ ಉಳಿತಾಯ ಖಾತೆಯ ಮುಕ್ತಾಯ ಮತ್ತು ಶಿಲ್ಕಿನ ವರ್ಗಾವಣೆ

ನಿಷ್ಕ್ರಿಯ ಉಳಿತಾಯ ಖಾತೆ ಎಂದರೆ ಖಾತೆದಾರರ ಕಡೆಯಿಂದ ಎರಡು ವರ್ಷಗಳಿಗಿಂತ ಹೆಚ್ಚು ಕಾಲ ಯಾವ ವ್ಯವಹಾರವೂ ನಡೆಯದೆ ಉಳಿದ ಬ್ಯಾಂಕ್ ಖಾತೆ. ಭಾರತದಲ್ಲಿ ಇಂತಹ ಖಾತೆಗಳ ನಿರ್ವಹಣೆಗೆ ಭಾರತೀಯ ರಿಸರ್ವ್ ಬ್ಯಾಂಕ್ 2024ರ ಜನವರಿ 1ರಂದು ಪರಿಷ್ಕೃತ ಸೂಚನೆಗಳನ್ನು ಹೊರಡಿಸಿತು. ಅವು ಅದೇ ವರ್ಷ ಏಪ್ರಿಲ್ 1ರಿಂದ ಜಾರಿಗೆ ಬಂದವು. ನಿಷ್ಕ್ರಿಯವಾದ ಮಾತ್ರಕ್ಕೆ ಖಾತೆಯಲ್ಲಿನ ಹಣದ ಮೇಲೆ ಖಾತೆದಾರರಿಗಿರುವ ಹಕ್ಕು ನಶಿಸುವುದಿಲ್ಲ. ಆದರೆ ಆ ಹಣ ಕೈಸೇರಬೇಕಾದರೆ ಖಾತೆದಾರರು ತಮ್ಮ ಗುರುತನ್ನು ಹೊಸದಾಗಿ ಸಾಬೀತುಪಡಿಸಬೇಕಾಗುತ್ತದೆ. ಖಾತೆಯ ಮುಕ್ತಾಯದಲ್ಲಿ ಮೂರು ಹಂತಗಳಿವೆ: ಗುರುತಿನ ದಾಖಲೆಗಳ ನವೀಕರಣ, ಖಾತೆಯ ಸಕ್ರಿಯಗೊಳಿಸುವಿಕೆ, ಹಾಗೂ ಶಿಲ್ಕನ್ನು ಬೇರೆ ಖಾತೆಗೆ ವರ್ಗಾಯಿಸಿ ಖಾತೆಯನ್ನು ಮುಚ್ಚುವುದು. ಅರ್ಜಿಗಳು ಹಿಂದಿರುಗಿ ಬರುವ ಸಂದರ್ಭಗಳಲ್ಲಿ ಬಹುಪಾಲು ಮೊದಲ ಹಂತಕ್ಕೆ ಸಂಬಂಧಿಸಿದವು. ಹಳೆಯ ಖಾತೆಯಲ್ಲಿರುವ ಹೆಸರು, ವಿಳಾಸ ಅಥವಾ ಸಹಿ ಇಂದಿನ ದಾಖಲೆಗಳೊಂದಿಗೆ ಹೊಂದಿಕೆಯಾಗದಿರುವುದೇ ಇದಕ್ಕೆ ಕಾರಣ.

## ಖಾತೆ ನಿಷ್ಕ್ರಿಯವಾಗುವ ಬಗೆ

ಖಾತೆ ಚಾಲ್ತಿಯಲ್ಲಿದೆಯೇ ಎಂಬುದನ್ನು ತೀರ್ಮಾನಿಸುವಾಗ ಬ್ಯಾಂಕುಗಳು ವ್ಯವಹಾರಗಳನ್ನು ಎರಡಾಗಿ ವಿಂಗಡಿಸುತ್ತವೆ. ಖಾತೆದಾರರು ಹಣ ಕಟ್ಟುವುದು, ತೆಗೆಯುವುದು, ಚೆಕ್ ನೀಡುವುದು, ಅವರ ಖಾತೆಗೆ ಬೇರೆಯವರು ಹಣ ಜಮಾ ಮಾಡುವುದು ಇವೆಲ್ಲ ಗ್ರಾಹಕ ಪ್ರೇರಿತ ವ್ಯವಹಾರಗಳು. ಶಾಖೆಗೆ ಹೋಗಿ ಅಥವಾ ಅಂತರಜಾಲದ ಮೂಲಕ ಗುರುತಿನ ವಿವರಗಳನ್ನು ನವೀಕರಿಸಿದರೆ ಅದೂ ಈ ಗುಂಪಿಗೆ ಸೇರುತ್ತದೆ. ಬ್ಯಾಂಕು ತಾನಾಗಿಯೇ ಜಮಾ ಮಾಡುವ ಉಳಿತಾಯ ಬಡ್ಡಿ ಮತ್ತು ತಾನಾಗಿಯೇ ಕಡಿತಗೊಳಿಸುವ ಶುಲ್ಕ ಎರಡನೆಯ ಗುಂಪಿನವು. ಇವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಪಾಸ್‌ಬುಕ್ಕಿನಲ್ಲಿ ಬಡ್ಡಿಯ ನಮೂದು ಕ್ರಮವಾಗಿ ಕಾಣಿಸುತ್ತಿದ್ದರೂ ಖಾತೆ ನಿಷ್ಕ್ರಿಯವಾಗಿರಬಹುದು.

ಎರಡು ವರ್ಷ ಕಳೆದ ಮೇಲೆ ಖಾತೆಯಿಂದ ಹಣ ತೆಗೆಯುವ ಅವಕಾಶವನ್ನು ಬ್ಯಾಂಕು ತಡೆಹಿಡಿಯುತ್ತದೆ. ಬಹುಕಾಲ ಯಾರೂ ಗಮನಿಸದ ಖಾತೆಯಿಂದ ಅನ್ಯರು ಹಣ ಲಪಟಾಯಿಸಿದರೆ ಅದು ಬೇಗನೆ ಬೆಳಕಿಗೆ ಬರುವುದಿಲ್ಲ. ಅದನ್ನು ತಪ್ಪಿಸಲು ಈ ಏರ್ಪಾಡು ಮಾಡಲಾಗಿದೆ. ನಿಷ್ಕ್ರಿಯ ಅವಧಿಯಲ್ಲಿಯೂ ಉಳಿತಾಯ ಖಾತೆಗೆ ಬಡ್ಡಿ ಸಲ್ಲುತ್ತಿರಬೇಕು. ಕನಿಷ್ಠ ಶಿಲ್ಕು ಇಲ್ಲವೆಂಬ ಕಾರಣಕ್ಕೆ ದಂಡ ವಿಧಿಸುವಂತಿಲ್ಲ, ಖಾತೆಯನ್ನು ಮತ್ತೆ ಸಕ್ರಿಯಗೊಳಿಸಲು ಶುಲ್ಕ ಪಡೆಯುವಂತೆಯೂ ಇಲ್ಲ. ಸರ್ಕಾರದ ವಿದ್ಯಾರ್ಥಿವೇತನ ಅಥವಾ ನೇರ ನಗದು ವರ್ಗಾವಣೆಗಾಗಿ ತೆರೆದ ಶೂನ್ಯ ಶಿಲ್ಕಿನ ಖಾತೆಗಳನ್ನು ಎರಡು ವರ್ಷ ವ್ಯವಹಾರವಿಲ್ಲವೆಂಬ ಕಾರಣಕ್ಕೆ ನಿಷ್ಕ್ರಿಯವೆಂದು ವರ್ಗೀಕರಿಸಬಾರದೆಂದೂ ಸೂಚನೆಗಳಲ್ಲಿದೆ.

## ಹತ್ತು ವರ್ಷ ಕಳೆದ ಮೇಲೆ ಹಣ ಇರುವ ಸ್ಥಳ

ಖಾತೆ ಹತ್ತು ವರ್ಷಗಳ ಕಾಲ ವ್ಯವಹಾರವಿಲ್ಲದೆ ಉಳಿದರೆ ಅದರ ಶಿಲ್ಕು ಬಡ್ಡಿಸಹಿತವಾಗಿ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ವರ್ಗವಾಗುತ್ತದೆ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯ 26ಎ ವಿಧಿಯ ಅಡಿಯಲ್ಲಿ ರೂಪುಗೊಂಡ ಈ ನಿಧಿ 2014ರಲ್ಲಿ ಕಾರ್ಯಾರಂಭ ಮಾಡಿತು. ಒಂದು ತಿಂಗಳಲ್ಲಿ ಹತ್ತು ವರ್ಷ ತುಂಬಿದ ಖಾತೆಗಳ ಹಣವನ್ನು ಬ್ಯಾಂಕು ಮರುತಿಂಗಳ ಕೊನೆಯ ಕೆಲಸದ ದಿನ ನಿಧಿಗೆ ಕಳುಹಿಸುತ್ತದೆ.

ನಿಧಿಗೆ ವರ್ಗವಾದ ಹಣ ಸರ್ಕಾರಕ್ಕೆ ಮುಟ್ಟುಗೋಲಾಯಿತೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಖಾತೆದಾರರು ಯಾವಾಗ ಬೇಕಾದರೂ ಅದನ್ನು ಕೇಳಬಹುದು. ಹಕ್ಕನ್ನು ಮಂಡಿಸಬೇಕಾದುದು ರಿಸರ್ವ್ ಬ್ಯಾಂಕಿನಲ್ಲಲ್ಲ, ಖಾತೆಯಿದ್ದ ಬ್ಯಾಂಕಿನಲ್ಲಿಯೇ. ಬ್ಯಾಂಕು ಖಾತೆದಾರರಿಗೆ ಮೊದಲು ಹಣ ಪಾವತಿಸಿ, ಆನಂತರ ಅದನ್ನು ನಿಧಿಯಿಂದ ಮರಳಿ ಪಡೆಯುತ್ತದೆ. ಹಾಗಾಗಿ ಖಾತೆದಾರರು ಶಾಖೆಯಲ್ಲಿ ಅನುಸರಿಸಬೇಕಾದ ಕ್ರಮ ಎರಡೂ ಸಂದರ್ಭಗಳಲ್ಲಿ ಬಹುಮಟ್ಟಿಗೆ ಒಂದೇ. ವ್ಯತ್ಯಾಸವಿರುವುದು ಬಡ್ಡಿಯಲ್ಲಿ. ನಿಧಿಯಲ್ಲಿರುವ ಹಣಕ್ಕೆ 2021ರ ಮೇ 11ರಿಂದ ವರ್ಷಕ್ಕೆ ಶೇಕಡಾ 3ರ ದರದಲ್ಲಿ ಸರಳ ಬಡ್ಡಿ ನಿಗದಿಯಾಗಿದೆ.

## ಹಳೆಯ ಬ್ಯಾಂಕಿನ ಹೆಸರು ಬದಲಾಗಿದ್ದಾಗ

ಹಳೆಯ ಪಾಸ್‌ಬುಕ್ಕಿನ ಮೇಲಿರುವ ಬ್ಯಾಂಕು ಇಂದು ಆ ಹೆಸರಿನಲ್ಲಿ ಇಲ್ಲದಿರಬಹುದು. ಕರ್ನಾಟಕದಲ್ಲಿ ಹುಟ್ಟಿ ಬೆಳೆದ ಹಲವು ಬ್ಯಾಂಕುಗಳು ಕೆಲವೇ ವರ್ಷಗಳ ಅಂತರದಲ್ಲಿ ವಿಲೀನಗೊಂಡದ್ದರಿಂದ ರಾಜ್ಯದ ಖಾತೆದಾರರಿಗೆ ಈ ಪ್ರಶ್ನೆ ಹೆಚ್ಚಾಗಿ ಎದುರಾಗುತ್ತದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾವನ್ನು ಸೇರಿತು. 2020ರ ಏಪ್ರಿಲ್ 1ರಂದು ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾದವು.

ವಿಲೀನದಿಂದ ಠೇವಣಿಯ ಹೊಣೆ ಹೊಸ ಬ್ಯಾಂಕಿಗೆ ವರ್ಗವಾಗುತ್ತದೆ. ಆದ್ದರಿಂದ ಸಿಂಡಿಕೇಟ್ ಬ್ಯಾಂಕಿನ ಪಾಸ್‌ಬುಕ್ ಇರುವವರು ಕೆನರಾ ಬ್ಯಾಂಕಿನ ಶಾಖೆಗೆ ಅರ್ಜಿ ಸಲ್ಲಿಸಬೇಕು. ಪಾಸ್‌ಬುಕ್ಕಿನಲ್ಲಿರುವ ಹಳೆಯ ಶಾಖೆ ಸಮೀಪದ ಇನ್ನೊಂದು ಶಾಖೆಯೊಂದಿಗೆ ಕೂಡಿಹೋಗಿರಬಹುದು, ಖಾತೆಯ ಸಂಖ್ಯೆಯೂ ಬದಲಾಗಿರಬಹುದು. ಹಳೆಯ ಸಂಖ್ಯೆಯನ್ನು ಕೊಟ್ಟರೆ ಶಾಖೆಯವರು ಹೊಸ ಸಂಖ್ಯೆಯನ್ನು ಹುಡುಕಬಲ್ಲರು. ಖಾತೆಯ ಸಂಖ್ಯೆ ದೊರೆಯದಿದ್ದರೆ ಹೆಸರು, ಹುಟ್ಟಿದ ದಿನಾಂಕ ಮತ್ತು ಖಾತೆ ತೆರೆದಾಗ ಕೊಟ್ಟಿದ್ದ ವಿಳಾಸ ಉಪಯುಕ್ತವಾಗುತ್ತವೆ.

ಖಾತೆ ಯಾವ ಬ್ಯಾಂಕಿನಲ್ಲಿತ್ತು ಎಂಬುದೇ ನೆನಪಿಲ್ಲದಿದ್ದಲ್ಲಿ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಆರಂಭಿಸಿದ ‘ಉದ್ಗಮ್’ ಜಾಲತಾಣದಲ್ಲಿ (udgam.rbi.org.in) ಹುಡುಕಬಹುದು. ಖಾತೆದಾರರ ಹೆಸರಿನೊಂದಿಗೆ ಪ್ಯಾನ್, ಮತದಾರರ ಗುರುತಿನ ಚೀಟಿ, ಚಾಲನಾ ಪರವಾನಗಿ ಅಥವಾ ಪಾಸ್‌ಪೋರ್ಟ್ ಸಂಖ್ಯೆ, ಇಲ್ಲವೇ ಹುಟ್ಟಿದ ದಿನಾಂಕವನ್ನು ನಮೂದಿಸಿ ಹುಡುಕಾಟ ನಡೆಸುವ ಅವಕಾಶ ಅಲ್ಲಿದೆ. 2024ರ ಮಾರ್ಚ್ ವೇಳೆಗೆ 30 ಬ್ಯಾಂಕುಗಳ ಮಾಹಿತಿ ಇದರಲ್ಲಿ ಸೇರಿತ್ತು. ಇಲ್ಲಿ ಕಾಣಸಿಗುವುದು ನಿಧಿಗೆ ವರ್ಗವಾದ ಠೇವಣಿಗಳ ವಿವರ ಮಾತ್ರ. ವ್ಯವಹಾರ ನಿಂತು ಮೂರು ಅಥವಾ ಐದು ವರ್ಷವಷ್ಟೇ ಆಗಿರುವ ಖಾತೆ ಈ ತಾಣದಲ್ಲಿ ಕಾಣಿಸದಿದ್ದರೆ, ಆ ಖಾತೆಯೇ ಇಲ್ಲವೆಂದು ಭಾವಿಸಬಾರದು. ಹಣವನ್ನು ಈ ತಾಣದ ಮೂಲಕ ಪಡೆಯಲಾಗುವುದಿಲ್ಲ. ಹುಡುಕಾಟದಲ್ಲಿ ದೊರೆತ ಉಲ್ಲೇಖ ಸಂಖ್ಯೆಯೊಂದಿಗೆ ಆಯಾ ಬ್ಯಾಂಕನ್ನೇ ಸಂಪರ್ಕಿಸಬೇಕು.

## ಲಗತ್ತಿಸಬೇಕಾದ ಗುರುತಿನ ದಾಖಲೆಗಳು

ಬ್ಯಾಂಕುಗಳು ಗುರುತು ಮತ್ತು ವಿಳಾಸವನ್ನು ಪರಿಶೀಲಿಸುವ ಕ್ರಮವನ್ನು ‘ಕೆವೈಸಿ’ ಎಂದು ಕರೆಯಲಾಗುತ್ತದೆ. ಇದಕ್ಕಾಗಿ ರಿಸರ್ವ್ ಬ್ಯಾಂಕಿನ ನಿಯಮಗಳು ಆರು ದಾಖಲೆಗಳನ್ನು ಅಧಿಕೃತವಾಗಿ ಮಾನ್ಯವೆಂದು ಹೆಸರಿಸುತ್ತವೆ. ಅವುಗಳಲ್ಲಿ ಯಾವುದಾದರೂ ಒಂದು ಇದ್ದರೆ ಸಾಕು:

* ಪಾಸ್‌ಪೋರ್ಟ್
* ಚಾಲನಾ ಪರವಾನಗಿ
* ಆಧಾರ್ ಹೊಂದಿರುವುದಕ್ಕೆ ಪುರಾವೆ
* ಭಾರತದ ಚುನಾವಣಾ ಆಯೋಗ ನೀಡಿದ ಮತದಾರರ ಗುರುತಿನ ಚೀಟಿ
* ರಾಜ್ಯ ಸರ್ಕಾರದ ಅಧಿಕಾರಿಯ ಸಹಿಯುಳ್ಳ ಉದ್ಯೋಗ ಖಾತ್ರಿ ಯೋಜನೆಯ ಜಾಬ್ ಕಾರ್ಡ್
* ಹೆಸರು ಮತ್ತು ವಿಳಾಸವಿರುವ ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಪತ್ರ

ಇದರೊಂದಿಗೆ ಪ್ಯಾನ್ ಸಂಖ್ಯೆಯನ್ನು ನೀಡಬೇಕು. ಪ್ಯಾನ್ ಇಲ್ಲದವರು ‘ಫಾರಂ 60’ ಎಂಬ ಹೆಸರಿನಲ್ಲಿ ಬಹುಕಾಲದಿಂದ ಪರಿಚಿತವಾಗಿರುವ ಆದಾಯ ತೆರಿಗೆ ಘೋಷಣಾ ಪತ್ರವನ್ನು ತುಂಬಿಕೊಡುತ್ತಾರೆ. ಪ್ಯಾನ್ ಕಾರ್ಡಿನಲ್ಲಿ ವಿಳಾಸವಿರುವುದಿಲ್ಲ ಮತ್ತು ಅದು ಮೇಲಿನ ಆರರ ಪಟ್ಟಿಯಲ್ಲಿಲ್ಲ. ಆದ್ದರಿಂದ ಪ್ಯಾನ್ ಕಾರ್ಡಿನ ಪ್ರತಿಯೊಂದನ್ನೇ ಲಗತ್ತಿಸಿದ ಅರ್ಜಿ ಅಪೂರ್ಣವಾಗುತ್ತದೆ. ಇತ್ತೀಚಿನ ಭಾವಚಿತ್ರವೊಂದನ್ನೂ ಶಾಖೆಗಳು ಕೇಳುತ್ತವೆ.

ದಾಖಲೆಗಳ ಪ್ರತಿಗಳ ಮೇಲೆ ಖಾತೆದಾರರು ಸಹಿ ಹಾಕಿ ದಿನಾಂಕ ಬರೆಯುವುದು ರೂಢಿ. ಮೂಲ ದಾಖಲೆಗಳನ್ನು ಶಾಖೆಯಲ್ಲಿ ತೋರಿಸಬೇಕು. ಸಿಬ್ಬಂದಿ ಪ್ರತಿಯನ್ನು ಮೂಲದೊಂದಿಗೆ ಹೋಲಿಸಿ ನೋಡಿ, ಮೂಲವನ್ನು ಹಿಂದಿರುಗಿಸುತ್ತಾರೆ. ಆಧಾರ್ ಪ್ರತಿಯನ್ನು ಕೊಡುವಾಗ ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಪ್ರತಿಯನ್ನು ಬಳಸಬಹುದು.

### ಹೆಸರಿನ ವ್ಯತ್ಯಾಸ

ವಿವಾಹಾನಂತರ ಹೆಸರು ಬದಲಿಸಿಕೊಂಡವರ ಖಾತೆಯಲ್ಲಿ ತವರಿನ ಹೆಸರೂ ಆಧಾರ್‌ನಲ್ಲಿ ಹೊಸ ಹೆಸರೂ ಇರುತ್ತವೆ. ಇಬ್ಬರೂ ಒಬ್ಬರೇ ಎಂಬುದನ್ನು ತೋರಿಸಲು ರಾಜ್ಯ ಸರ್ಕಾರ ನೀಡಿದ ವಿವಾಹ ನೋಂದಣಿ ಪತ್ರ ಅಥವಾ ಹೆಸರು ಬದಲಾವಣೆಯನ್ನು ಪ್ರಕಟಿಸಿದ ರಾಜ್ಯಪತ್ರದ ಪ್ರತಿಯನ್ನು ಲಗತ್ತಿಸಬೇಕು. ಲಗ್ನಪತ್ರಿಕೆ ಅಥವಾ ಕಲ್ಯಾಣ ಮಂಟಪದ ರಸೀದಿ ಇದಕ್ಕೆ ಸಾಲದು. ತಂದೆಯ ಹೆಸರಿನ ಅಥವಾ ಊರಿನ ಹೆಸರಿನ ಮೊದಲಕ್ಷರ ಒಂದು ದಾಖಲೆಯಲ್ಲಿ ಹ್ರಸ್ವವಾಗಿಯೂ ಇನ್ನೊಂದರಲ್ಲಿ ವಿಸ್ತಾರವಾಗಿಯೂ ಇರುವುದು ಕರ್ನಾಟಕದಲ್ಲಿ ಸಾಮಾನ್ಯ. ಇಂತಹ ಸಣ್ಣ ವ್ಯತ್ಯಾಸಕ್ಕೆ ಎರಡೂ ಹೆಸರು ತಮ್ಮದೇ ಎಂಬ ಲಿಖಿತ ಘೋಷಣೆಯನ್ನು, ಕೆಲವೊಮ್ಮೆ ನೋಟರಿ ಮುಂದೆ ಮಾಡಿದ ಪ್ರಮಾಣಪತ್ರವನ್ನು ಬ್ಯಾಂಕು ಕೇಳಬಹುದು.

### ವಿಳಾಸದ ವ್ಯತ್ಯಾಸ

ಮಾನ್ಯ ದಾಖಲೆಯಲ್ಲಿ ಈಗಿನ ವಿಳಾಸವಿಲ್ಲದಿದ್ದರೆ ಎರಡು ತಿಂಗಳಿಗಿಂತ ಹಳೆಯದಲ್ಲದ ವಿದ್ಯುತ್, ನೀರು ಅಥವಾ ದೂರವಾಣಿ ಬಿಲ್ಲು, ಆಸ್ತಿ ತೆರಿಗೆಯ ರಸೀದಿ, ಸರ್ಕಾರಿ ನಿವೃತ್ತರ ಪಿಂಚಣಿ ಪಾವತಿ ಆದೇಶ ಮೊದಲಾದವುಗಳನ್ನು ವಿಳಾಸದ ಮಟ್ಟಿಗೆ ಸ್ವೀಕರಿಸಲಾಗುತ್ತದೆ. ಇವು ತಾತ್ಕಾಲಿಕ ಪುರಾವೆಗಳು. ಖಾತೆ ಮುಂದುವರಿಯುವುದಾದರೆ ಮೂರು ತಿಂಗಳೊಳಗೆ ಹೊಸ ವಿಳಾಸವಿರುವ ಮಾನ್ಯ ದಾಖಲೆಯನ್ನು ಸಲ್ಲಿಸಬೇಕಾಗುತ್ತದೆ. ಬೆರಳಚ್ಚು ಅಥವಾ ಒಟಿಪಿಯ ಮೂಲಕ ಆಧಾರ್ ದೃಢೀಕರಣ ಮಾಡಿಸಿದವರು ಈಗಿನ ವಿಳಾಸಕ್ಕೆ ಸ್ವಯಂ ಘೋಷಣೆಯನ್ನು ನೀಡಬಹುದು.

### ಸಹಿಯ ವ್ಯತ್ಯಾಸ

ವಿದ್ಯಾರ್ಥಿಯಾಗಿದ್ದಾಗ ಹಾಕಿದ ಸಹಿ ಮುಂದೆ ಬದಲಾಗುವುದು ಸಹಜ. ಮುಕ್ತಾಯದ ಅರ್ಜಿಯ ಮೇಲಿನ ಸಹಿಯನ್ನು ಬ್ಯಾಂಕಿನಲ್ಲಿರುವ ಹಳೆಯ ಮಾದರಿ ಸಹಿಯೊಂದಿಗೆ ಹೋಲಿಸಲಾಗುತ್ತದೆ. ಅವೆರಡೂ ಹೊಂದದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಹಳೆಯ ಸಹಿಯನ್ನು ಅನುಕರಿಸಲು ಯತ್ನಿಸುವುದರಿಂದ ಅನುಮಾನ ಹೆಚ್ಚುತ್ತದೆ. ಖಾತೆದಾರರು ಖುದ್ದಾಗಿ ಹಾಜರಾಗಿ ಸಹಿ ಬದಲಾವಣೆಯ ಪತ್ರವನ್ನು ಗುರುತಿನ ದಾಖಲೆಯೊಂದಿಗೆ ಕೊಟ್ಟು, ಅಧಿಕಾರಿಯ ಎದುರಿನಲ್ಲಿ ಹೊಸ ಮಾದರಿ ಸಹಿ ಹಾಕುವುದು ಸರಿಯಾದ ಮಾರ್ಗ. ಬಾಲ್ಯದಲ್ಲಿ ಪೋಷಕರು ತೆರೆದ ಖಾತೆಯಾಗಿದ್ದರೆ, 18 ವರ್ಷ ತುಂಬಿದ ಖಾತೆದಾರರು ತಮ್ಮದೇ ದಾಖಲೆ, ಭಾವಚಿತ್ರ ಮತ್ತು ಸಹಿಯನ್ನು ಹೊಸದಾಗಿ ನೀಡಬೇಕಾಗುತ್ತದೆ.

## ಕಾರ್ಯವಿಧಾನ

ಗುರುತಿನ ದಾಖಲೆಗಳ ನವೀಕರಣವನ್ನು ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಮಾಡಿಸಬಹುದು. ಖಾತೆ ತೆರೆದ ಮೂಲ ಶಾಖೆಗೇ ಹೋಗಬೇಕೆಂಬ ನಿರ್ಬಂಧವಿಲ್ಲ. ವಿಡಿಯೊ ಕರೆಯ ಮೂಲಕ ಗುರುತು ಪರಿಶೀಲಿಸುವ ಸೌಲಭ್ಯವಿರುವ ಬ್ಯಾಂಕುಗಳಲ್ಲಿ ಖಾತೆದಾರರು ಅದನ್ನೂ ಕೋರಬಹುದು. ಪೂರ್ಣವಾದ ಅರ್ಜಿ ತಲುಪಿದ ಮೂರು ಕೆಲಸದ ದಿನಗಳೊಳಗೆ ಬ್ಯಾಂಕು ಸಕ್ರಿಯಗೊಳಿಸುವ ಕೋರಿಕೆಯನ್ನು ಇತ್ಯರ್ಥಪಡಿಸಬೇಕು ಮತ್ತು ಖಾತೆ ಸಕ್ರಿಯವಾದುದನ್ನು ಸಂದೇಶದ ಮೂಲಕ ತಿಳಿಸಬೇಕು. ಈ ಅವಧಿಯ ಎಣಿಕೆ ಆರಂಭವಾಗುವುದು ಅರ್ಜಿ ಪೂರ್ಣವಾದ ದಿನದಿಂದ. ಹಾಗಾಗಿ ಅರ್ಜಿ ಕೊಟ್ಟಾಗ ಮುದ್ರೆ ಮತ್ತು ದಿನಾಂಕವಿರುವ ಸ್ವೀಕೃತಿಯನ್ನು ಪಡೆದಿಟ್ಟುಕೊಳ್ಳುವುದು ಅಗತ್ಯ.

ಖಾತೆ ಸಕ್ರಿಯವಾದ ಮೇಲೆ ಮುಕ್ತಾಯದ ಅರ್ಜಿಯನ್ನು ಸಲ್ಲಿಸಬೇಕು. ಕೆಲವು ಶಾಖೆಗಳು ಎರಡು ಅರ್ಜಿಗಳನ್ನೂ ಒಂದೇ ದಿನ ಪಡೆದು ಒಂದರ ನಂತರ ಒಂದನ್ನು ನಿರ್ವಹಿಸುತ್ತವೆ. ಯಾವುದೇ ಶಾಖೆಯಲ್ಲಿ ನವೀಕರಣ ಸಾಧ್ಯವಿದ್ದರೂ, ಮುಕ್ತಾಯವನ್ನು ಮೂಲ ಶಾಖೆಯ ಮೂಲಕವೇ ನಡೆಸುವ ಪದ್ಧತಿ ಹಲವು ಬ್ಯಾಂಕುಗಳಲ್ಲಿದೆ. ಮೂಲ ಶಾಖೆ ದೂರವಿದ್ದರೆ ಸಮೀಪದ ಶಾಖೆಯ ಮೂಲಕ ಅರ್ಜಿಯನ್ನು ಕಳುಹಿಸಲಾಗುವುದೇ ಎಂದು ಮೊದಲೇ ವಿಚಾರಿಸಬೇಕು.

ಮುಕ್ತಾಯದ ಅರ್ಜಿಯೊಂದಿಗೆ ಪಾಸ್‌ಬುಕ್, ಬಳಸದೆ ಉಳಿದ ಚೆಕ್ ಹಾಳೆಗಳು ಮತ್ತು ಡೆಬಿಟ್ ಕಾರ್ಡನ್ನು ಹಿಂದಿರುಗಿಸಬೇಕು. ಇವು ಕಳೆದುಹೋಗಿದ್ದರೆ ಹಾಗೆಂದು ಲಿಖಿತ ಘೋಷಣೆ ಕೊಡಬೇಕು. ಪಾಸ್‌ಬುಕ್ ಇಲ್ಲವೆಂಬುದು ಹಣ ನಿರಾಕರಿಸಲು ಕಾರಣವಾಗುವುದಿಲ್ಲ. ಜಂಟಿ ಖಾತೆಯನ್ನು ಮುಚ್ಚಲು ಎಲ್ಲ ಖಾತೆದಾರರ ಸಹಿಯನ್ನು ಕೇಳುವುದು ವಾಡಿಕೆ. ‘ಇಬ್ಬರಲ್ಲಿ ಒಬ್ಬರು’ ಎಂಬ ಷರತ್ತಿನಡಿ ದಿನನಿತ್ಯದ ವ್ಯವಹಾರ ನಡೆಸಬಹುದಾದರೂ ಮುಕ್ತಾಯಕ್ಕೆ ಅದು ಸಾಕಾಗದಿರಬಹುದು.

### ಶಿಲ್ಕಿನ ವರ್ಗಾವಣೆ

ಮುಕ್ತಾಯದ ದಿನದವರೆಗಿನ ಬಡ್ಡಿಯನ್ನು ಸೇರಿಸಿದ ಬಳಿಕ ಉಳಿಯುವ ಪೂರ್ಣ ಮೊತ್ತವನ್ನು ಖಾತೆದಾರರು ಸೂಚಿಸಿದ ಖಾತೆಗೆ ಕಳುಹಿಸಲಾಗುತ್ತದೆ. ಅದೇ ಬ್ಯಾಂಕಿನಲ್ಲಿ ಇನ್ನೊಂದು ಖಾತೆಯಿದ್ದರೆ ನೇರ ಜಮೆ ಮಾಡಲಾಗುವುದು, ಬೇರೆ ಬ್ಯಾಂಕಾಗಿದ್ದರೆ ಸಾಮಾನ್ಯವಾಗಿ ನೆಫ್ಟ್ ಮೂಲಕ ಕಳುಹಿಸಲಾಗುವುದು. ಹಣ ಪಡೆಯುವ ಖಾತೆ ಅದೇ ವ್ಯಕ್ತಿಯ ಹೆಸರಿನಲ್ಲಿರಬೇಕೆಂದು ಬ್ಯಾಂಕುಗಳು ಅಪೇಕ್ಷಿಸುತ್ತವೆ. ಇದನ್ನು ತೋರಿಸಲು ಹೆಸರು ಮುದ್ರಿತವಾದ ರದ್ದುಪಡಿಸಿದ ಚೆಕ್ ಅಥವಾ ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿಯನ್ನು ಲಗತ್ತಿಸಬೇಕು.

ಹಣ ಪಡೆಯುವ ಖಾತೆಯ ಐಎಫ್‌ಎಸ್‌ಸಿ ಸಂಕೇತವನ್ನು ಹಳೆಯ ಪಾಸ್‌ಬುಕ್ಕಿನಿಂದ ನಕಲು ಮಾಡುವುದು ತಪ್ಪಿಗೆ ಎಡೆಮಾಡುತ್ತದೆ. ವಿಲೀನದ ನಂತರ ಸಿಂಡಿಕೇಟ್ ಬ್ಯಾಂಕಿನ SYNB ಎಂದು ಆರಂಭವಾಗುವ ಸಂಕೇತಗಳು CNRB ಎಂಬುದಕ್ಕೂ, ಕಾರ್ಪೊರೇಷನ್ ಬ್ಯಾಂಕಿನ CORP ಎಂಬವು UBIN ಎಂಬುದಕ್ಕೂ ಬದಲಾಗಿವೆ. ಹಳೆಯ ಸಂಕೇತ ಬರೆದರೆ ವರ್ಗಾವಣೆ ನಡೆಯುವುದಿಲ್ಲ. ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿ ಆ ಸಂಖ್ಯೆಯ ಖಾತೆ ಬೇರೊಬ್ಬರದಾಗಿದ್ದರೆ ಪರಿಣಾಮ ಇನ್ನೂ ಗಂಭೀರ. ನೆಫ್ಟ್ ವ್ಯವಸ್ಥೆಯಲ್ಲಿ ಜಮೆಗೆ ಆಧಾರವಾಗುವುದು ಖಾತೆಯ ಸಂಖ್ಯೆ, ಹೆಸರಲ್ಲ.

ವರ್ಗಾವಣೆಯಾದ ಬಳಿಕ ಯುಟಿಆರ್ ಎಂಬ ಉಲ್ಲೇಖ ಸಂಖ್ಯೆಯನ್ನೂ, ಖಾತೆ ಮುಚ್ಚಿದೆ ಎಂಬ ಲಿಖಿತ ದೃಢೀಕರಣವನ್ನೂ ಕೇಳಿ ಪಡೆಯಬೇಕು. ಶಿಲ್ಕು ಸೊನ್ನೆಯಾದ ಮಾತ್ರಕ್ಕೆ ಖಾತೆ ಮುಚ್ಚಿದಂತಾಗುವುದಿಲ್ಲ. ಹಣ ವರ್ಗಾಯಿಸಿ ಖಾತೆಯನ್ನು ಹಾಗೆಯೇ ಬಿಟ್ಟರೆ ಅದು ಈಗ ಸಕ್ರಿಯ ಖಾತೆಯಾಗಿರುವುದರಿಂದ ಕನಿಷ್ಠ ಶಿಲ್ಕಿನ ನಿಯಮ ಮತ್ತೆ ಅನ್ವಯವಾಗಬಹುದು.

### ಅರ್ಜಿಯ ಒಕ್ಕಣೆ

ಬ್ಯಾಂಕುಗಳಲ್ಲಿ ಮುದ್ರಿತ ನಮೂನೆಗಳಿರುತ್ತವೆ. ನಮೂನೆ ದೊರೆಯದಿದ್ದಾಗ ಅರ್ಜಿಯ ಮುಖ್ಯ ಭಾಗವನ್ನು ಈ ಕೆಳಗಿನಂತೆ ಬರೆಯಬಹುದು:

> ವಿಷಯ: ನಿಷ್ಕ್ರಿಯ ಉಳಿತಾಯ ಖಾತೆಯನ್ನು ಸಕ್ರಿಯಗೊಳಿಸಿ, ಶಿಲ್ಕನ್ನು ವರ್ಗಾಯಿಸಿ, ಖಾತೆಯನ್ನು ಮುಕ್ತಾಯಗೊಳಿಸುವ ಬಗ್ಗೆ.
>
> ಮಾನ್ಯರೇ, ತಮ್ಮ ಬ್ಯಾಂಕಿನ ……… ಶಾಖೆಯಲ್ಲಿ ನನ್ನ ಹೆಸರಿನಲ್ಲಿರುವ ……… ಸಂಖ್ಯೆಯ ಉಳಿತಾಯ ಖಾತೆಯು ……… ನೇ ಇಸವಿಯಿಂದ ವ್ಯವಹಾರವಿಲ್ಲದೆ ಉಳಿದಿದೆ. ಗುರುತು ಮತ್ತು ವಿಳಾಸದ ದಾಖಲೆಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಖಾತೆಯ ಶಿಲ್ಕು ನಿಧಿಗೆ ವರ್ಗವಾಗಿದ್ದಲ್ಲಿ ಅದನ್ನು ಸಲ್ಲತಕ್ಕ ಬಡ್ಡಿಯೊಂದಿಗೆ ಪಾವತಿಸಬೇಕೆಂದೂ, ಪೂರ್ಣ ಮೊತ್ತವನ್ನು ……… ಬ್ಯಾಂಕಿನ ……… ಸಂಖ್ಯೆಯ ನನ್ನ ಖಾತೆಗೆ ವರ್ಗಾಯಿಸಿ, ಖಾತೆಯನ್ನು ಮುಚ್ಚಿ ಲಿಖಿತ ದೃಢೀಕರಣ ನೀಡಬೇಕೆಂದೂ ಕೋರುತ್ತೇನೆ.

ಅರ್ಜಿಯ ಕೊನೆಯಲ್ಲಿ ಲಗತ್ತುಗಳ ಪಟ್ಟಿಯನ್ನು ಕ್ರಮಸಂಖ್ಯೆಯೊಂದಿಗೆ ಬರೆದರೆ, ಯಾವುದೋ ಒಂದು ದಾಖಲೆ ಬಂದಿಲ್ಲವೆಂಬ ವಾದಕ್ಕೆ ಆಸ್ಪದವಿರುವುದಿಲ್ಲ.

## ನೇರ ನಗದು ವರ್ಗಾವಣೆ ಪಡೆಯುವವರಿಗೆ ಉಂಟಾಗಬಹುದಾದ ತೊಡಕು

ಸರ್ಕಾರದ ವಿದ್ಯಾರ್ಥಿವೇತನ ಮತ್ತು ಕರ್ನಾಟಕದ ಗೃಹಲಕ್ಷ್ಮಿಯಂತಹ ಯೋಜನೆಗಳ ಹಣ ಆಧಾರ್‌ಗೆ ಜೋಡಣೆಯಾದ ಖಾತೆಗೆ ಜಮೆಯಾಗುತ್ತದೆ. ಒಬ್ಬರ ಆಧಾರ್ ಹಲವು ಖಾತೆಗಳಲ್ಲಿ ನಮೂದಾಗಿರಬಹುದು. ಆದರೆ ಇಂತಹ ಪಾವತಿಗೆ ಒಂದು ಕಾಲಕ್ಕೆ ಒಂದೇ ಬ್ಯಾಂಕಿನೊಂದಿಗೆ ಜೋಡಣೆ ಇರುತ್ತದೆ.

ಗುರುತಿನ ದಾಖಲೆಗಳನ್ನು ನವೀಕರಿಸುವ ನಮೂನೆಯಲ್ಲಿ, ಸರ್ಕಾರಿ ಸೌಲಭ್ಯವನ್ನು ಈ ಖಾತೆಯಲ್ಲಿ ಪಡೆಯಲು ಒಪ್ಪಿಗೆ ಸೂಚಿಸುವ ಅಂಕಣವೂ ಇರಬಹುದು. ಮುಚ್ಚಲಿರುವ ಖಾತೆಗೆ ಈ ಒಪ್ಪಿಗೆ ನೀಡಿದರೆ ಜೋಡಣೆ ಹಳೆಯ ಖಾತೆಗೆ ಸ್ಥಳಾಂತರಗೊಳ್ಳುತ್ತದೆ. ಖಾತೆ ಮುಚ್ಚಿದ ಮೇಲೆ ಮುಂದಿನ ಕಂತು ಜಮೆಯಾಗದೆ ಹಿಂದಿರುಗುತ್ತದೆ. ಆದ್ದರಿಂದ ಆ ಅಂಕಣವನ್ನು ಖಾಲಿ ಬಿಡಬೇಕು. ಜೋಡಣೆ ಮೊದಲಿನಿಂದಲೂ ಹಳೆಯ ಖಾತೆಯಲ್ಲಿಯೇ ಇದ್ದರೆ, ಮುಕ್ತಾಯಕ್ಕೆ ಮುನ್ನ ಹೊಸ ಖಾತೆಯ ಬ್ಯಾಂಕಿನಲ್ಲಿ ಒಪ್ಪಿಗೆ ಪತ್ರ ನೀಡಿ ಅದನ್ನು ಬದಲಿಸಿಕೊಳ್ಳಬೇಕು. ಜೋಡಣೆ ಯಾವ ಬ್ಯಾಂಕಿನಲ್ಲಿದೆ ಎಂಬುದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನೋಡಬಹುದು.

## ಒಂದು ನಿದರ್ಶನ

ಉಡುಪಿ ಜಿಲ್ಲೆಯಲ್ಲಿ ಓದುತ್ತಿದ್ದಾಗ 2009ರಲ್ಲಿ ಸಿಂಡಿಕೇಟ್ ಬ್ಯಾಂಕಿನಲ್ಲಿ ಉಳಿತಾಯ ಖಾತೆ ತೆರೆದ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಬಹುದು. ಆಕೆಯ ಕೊನೆಯ ವ್ಯವಹಾರ 2012ರ ಜೂನ್‌ನಲ್ಲಿ ನಡೆಯಿತು. ಎರಡು ವರ್ಷಗಳ ನಂತರ, 2014ರ ಜೂನ್ ಕಳೆಯುತ್ತಲೇ ಖಾತೆ ನಿಷ್ಕ್ರಿಯವಾಯಿತು. 2020ರಲ್ಲಿ ಖಾತೆ ಕೆನರಾ ಬ್ಯಾಂಕಿಗೆ ಬಂದಿತು. 2022ರ ಜೂನ್‌ನಲ್ಲಿ ಹತ್ತು ವರ್ಷ ತುಂಬಿದ್ದರಿಂದ ಜುಲೈ ಅಂತ್ಯಕ್ಕೆ ಶಿಲ್ಕು ನಿಧಿಗೆ ವರ್ಗವಾಯಿತು. ಆ ದಿನ ಬಡ್ಡಿ ಸೇರಿ ಖಾತೆಯಲ್ಲಿದ್ದ ಮೊತ್ತ 18,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅಷ್ಟರಲ್ಲಿ ಆಕೆ ವಿವಾಹವಾಗಿ ಹುಬ್ಬಳ್ಳಿಯಲ್ಲಿ ನೆಲೆಸಿದ್ದಾಳೆ. ಆಧಾರ್ ಮತ್ತು ಪ್ಯಾನ್‌ಗಳಲ್ಲಿ ಹೆಸರು ಬದಲಾಗಿದೆ, ಸಹಿಯೂ ಬದಲಾಗಿದೆ. ಖಾತೆಗೆ ಕೊಟ್ಟಿದ್ದ ವಿಳಾಸ ವಿದ್ಯಾರ್ಥಿನಿಲಯದ್ದು, ಮೊಬೈಲ್ ಸಂಖ್ಯೆ ಎಂದೋ ರದ್ದಾದದ್ದು. ಬ್ಯಾಂಕು ಕಳುಹಿಸಿದ ಪತ್ರಗಳಾಗಲಿ ಸಂದೇಶಗಳಾಗಲಿ ಆಕೆಯನ್ನು ತಲುಪದೆ ಇದ್ದುದಕ್ಕೆ ಇದೇ ಕಾರಣ.

2025ರ ಜುಲೈನಲ್ಲಿ ಆಕೆ ಹುಬ್ಬಳ್ಳಿಯ ಕೆನರಾ ಬ್ಯಾಂಕ್ ಶಾಖೆಗೆ ಹಳೆಯ ಪಾಸ್‌ಬುಕ್ಕಿನೊಂದಿಗೆ ಹೋಗುತ್ತಾಳೆ. ಸಿಬ್ಬಂದಿ ಹಳೆಯ ಸಂಖ್ಯೆಯಿಂದ ಖಾತೆಯನ್ನು ಗುರುತಿಸುತ್ತಾರೆ. ಆಕೆ ಸಲ್ಲಿಸಬೇಕಾದ ದಾಖಲೆಗಳು ಇವು: ಆಧಾರ್ ಪ್ರತಿ, ಪ್ಯಾನ್ ಪ್ರತಿ, ವಿವಾಹ ನೋಂದಣಿ ಪತ್ರ, ಭಾವಚಿತ್ರ, ಸಹಿ ಬದಲಾವಣೆಯ ಪತ್ರ, ಈಗಿನ ಮೊಬೈಲ್ ಸಂಖ್ಯೆ ನೋಂದಾಯಿಸುವ ಕೋರಿಕೆ, ಮತ್ತು ಈಗ ಬಳಸುತ್ತಿರುವ ಖಾತೆಯ ರದ್ದುಪಡಿಸಿದ ಚೆಕ್. ಆಧಾರ್‌ನಲ್ಲಿ ಹುಬ್ಬಳ್ಳಿಯ ವಿಳಾಸವಿರುವುದರಿಂದ ಪ್ರತ್ಯೇಕ ವಿಳಾಸದ ಪುರಾವೆ ಬೇಕಾಗುವುದಿಲ್ಲ. ಇಲ್ಲಿ ನಿರ್ಣಾಯಕವಾದದ್ದು ವಿವಾಹ ನೋಂದಣಿ ಪತ್ರ. ಅದಿಲ್ಲದಿದ್ದರೆ ಬ್ಯಾಂಕಿನ ದೃಷ್ಟಿಯಲ್ಲಿ ಖಾತೆದಾರಳು ಒಬ್ಬಳು, ಅರ್ಜಿದಾರಳು ಇನ್ನೊಬ್ಬಳು.

ಆಕೆಗೆ ಸಲ್ಲಬೇಕಾದ ಮೊತ್ತವನ್ನು ಹೀಗೆ ಲೆಕ್ಕಹಾಕಬಹುದು. ನಿಧಿಗೆ ವರ್ಗವಾದ 18,000 ರೂಪಾಯಿಗೆ ಶೇಕಡಾ 3ರಂತೆ ವರ್ಷಕ್ಕೆ 540 ರೂಪಾಯಿ ಸರಳ ಬಡ್ಡಿ. 2025ರ ಜುಲೈ ಅಂತ್ಯಕ್ಕೆ ಪಾವತಿಯಾದರೆ ಮೂರು ವರ್ಷಗಳ ಬಡ್ಡಿ 1,620 ರೂಪಾಯಿ, ಒಟ್ಟು 19,620 ರೂಪಾಯಿ. ನಿಧಿಯ ಬಡ್ಡಿ ಸೇರದೆ ಕೇವಲ 18,000 ರೂಪಾಯಿ ಜಮೆಯಾಗಿದ್ದರೆ ಲೆಕ್ಕದ ವಿವರವನ್ನು ಬರವಣಿಗೆಯಲ್ಲಿ ಕೇಳಬೇಕು.

## ಮೃತರ ಮತ್ತು ವಿದೇಶದಲ್ಲಿರುವವರ ಖಾತೆಗಳು

ಖಾತೆದಾರರು ಮೃತಪಟ್ಟಿದ್ದರೆ ಮೇಲೆ ವಿವರಿಸಿದ ಸಕ್ರಿಯಗೊಳಿಸುವ ಕ್ರಮ ಅನ್ವಯಿಸುವುದಿಲ್ಲ. ನಾಮನಿರ್ದೇಶಿತರು ಮರಣ ಪ್ರಮಾಣಪತ್ರ ಮತ್ತು ತಮ್ಮ ಗುರುತಿನ ದಾಖಲೆಯೊಂದಿಗೆ ಹಕ್ಕು ಕೋರಿಕೆಯ ಅರ್ಜಿಯನ್ನು ಸಲ್ಲಿಸಬೇಕು. ನಾಮನಿರ್ದೇಶಿತರು ಹಣವನ್ನು ವಾರಸುದಾರರ ಪರವಾಗಿ ಪಡೆಯುವವರೇ ಹೊರತು, ನಾಮನಿರ್ದೇಶನವೊಂದರಿಂದಲೇ ಅದರ ಒಡೆಯರಾಗುವುದಿಲ್ಲ.

ಖಾತೆದಾರರು ವಿದೇಶದಲ್ಲಿ ನೆಲೆಸಿ ಅನಿವಾಸಿಯಾಗಿದ್ದರೆ ಆ ಸಂಗತಿಯನ್ನು ಬ್ಯಾಂಕಿಗೆ ತಿಳಿಸಬೇಕು. ನಿವಾಸಿ ಖಾತೆಯ ಹಣ ಸಾಮಾನ್ಯವಾಗಿ ಅನಿವಾಸಿ ಸಾಧಾರಣ ಖಾತೆಗೆ, ಅಂದರೆ ಎನ್‌ಆರ್‌ಒ ಖಾತೆಗೆ ಸಲ್ಲುತ್ತದೆ. ಶಾಖೆಗೆ ಬರಲಾಗದ ಅನಿವಾಸಿಗಳ ದಾಖಲೆಯ ಪ್ರತಿಗಳನ್ನು ಆ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿ, ನೋಟರಿ ಅಥವಾ ಭಾರತೀಯ ಬ್ಯಾಂಕಿನ ವಿದೇಶಿ ಶಾಖೆಯ ಅಧಿಕಾರಿ ದೃಢೀಕರಿಸಬಹುದು.

## ದೂರು ಮತ್ತು ಎಚ್ಚರಿಕೆ

ಪೂರ್ಣವಾದ ಅರ್ಜಿ ಕೊಟ್ಟರೂ ಇತ್ಯರ್ಥವಾಗದಿದ್ದರೆ ಮೊದಲು ಬ್ಯಾಂಕಿಗೇ ಲಿಖಿತ ದೂರು ನೀಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ cms.rbi.org.in ತಾಣದ ಮೂಲಕ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಬ್ಯಾಂಕಿಗೆ ದೂರು ಕೊಡದೆ ನೇರವಾಗಿ ಸಲ್ಲಿಸಿದ ದೂರನ್ನು ಪರಿಗಣಿಸುವುದಿಲ್ಲ. ಶಾಖೆಯಿಂದ ಪಡೆದ ದಿನಾಂಕಸಹಿತ ಸ್ವೀಕೃತಿ ಇಲ್ಲಿ ಮುಖ್ಯ ಪುರಾವೆಯಾಗುತ್ತದೆ.

ನಿಷ್ಕ್ರಿಯ ಖಾತೆಯ ಹಣ ಕೊಡಿಸುವುದಾಗಿ ದೂರವಾಣಿ ಕರೆ ಮಾಡಿ ಒಟಿಪಿ, ಕಾರ್ಡಿನ ವಿವರ ಅಥವಾ ಮುಂಗಡ ಶುಲ್ಕ ಕೇಳುವವರು ವಂಚಕರು. ಸಕ್ರಿಯಗೊಳಿಸುವಿಕೆಗೆ ಶುಲ್ಕವೇ ಇಲ್ಲದಿರುವುದರಿಂದ ಇಂತಹ ಬೇಡಿಕೆಯನ್ನು ಗುರುತಿಸುವುದು ಸುಲಭ. ಹೊಸದಾಗಿ ಸಕ್ರಿಯಗೊಂಡ ಖಾತೆಗಳ ವ್ಯವಹಾರವನ್ನು ಬ್ಯಾಂಕಿನ ಮೇಲಧಿಕಾರಿಗಳು ಕನಿಷ್ಠ ಆರು ತಿಂಗಳು ಗಮನಿಸುತ್ತಿರಬೇಕೆಂಬ ನಿಯಮವೂ ಇದೆ. ತಾವು ಅರ್ಜಿ ಸಲ್ಲಿಸದಿದ್ದರೂ ಖಾತೆ ಸಕ್ರಿಯವಾಗಿದೆಯೆಂಬ ಸಂದೇಶ ಬಂದರೆ, ಖಾತೆದಾರರು ಆ ಸಂದೇಶದಲ್ಲಿ ಸೂಚಿಸಿದ ಕ್ರಮದಂತೆ ಕೂಡಲೇ ಬ್ಯಾಂಕಿಗೆ ತಿಳಿಸಬೇಕು.